ಪಗಾರದ ಟಿಡಿಎಸ್ ಒಮ್ಮೆಲೇ ಏರಿದಾಗ ತಾಳೆ ನೋಡುವುದು ಹೇಗೆ

ಬೆಳಗಾವಿಯ ಉದ್ಯಮಬಾಗದಲ್ಲಿ ಪಗಾರ ಪಟ್ಟಿ ಮಾಡುವವರಿಗೆ ಅಕ್ಟೋಬರ್ ಮುಗಿದ ವಾರ ಸುಮಾರಾಗಿ ಒಂದೇ ತರಹದ ಫೋನು ಬರುತ್ತವೆ. ದೀಪಾವಳಿ ಹೊತ್ತು. ಯಾರಿಗೋ ಇನ್‌ಕ್ರಿಮೆಂಟ್ ಆಗಿರುತ್ತದೆ, ಯಾರಿಗೋ ಬೋನಸ್ ಬಂದಿರುತ್ತದೆ, ಜೊತೆಗೆ ಪಗಾರದಲ್ಲೇ ಹಿಡಿಯುವ ಆದಾಯ ತೆರಿಗೆ, ಅಂದರೆ ಟಿಡಿಎಸ್ಸೂ ಜಿಗಿದಿರುತ್ತದೆ. 2025ರ ಅಕ್ಟೋಬರ್ ಪಗಾರ ಆದ ಮೇಲೆ ಬೇರೆ ಕಂಪನಿಯಲ್ಲಿ ಡಿಸೈನ್ ಇಂಜಿನಿಯರ್ ಆಗಿರುವ, ನಮ್ಮ ಓಣಿಯ ಹುಡುಗನೊಬ್ಬ ಪೇ ಸ್ಲಿಪ್ ಹಿಡಿದುಕೊಂಡೇ ಬಂದ. "ಅಕ್ಕಾರ, ಪಗಾರ ಹತ್ತು ಸಾವಿರ ಏರಿಸೀವಿ ಅಂದ್ರು. ಟ್ಯಾಕ್ಸ್ ಹೋದ ತಿಂಗಳ ಎಂಟು ಸಾವಿರ ಇತ್ತು, ಈ ತಿಂಗಳ ಹದಿನೈದ್ ಸಾವಿರ ಹತ್ರ ಹತ್ರ ಕಟ್ ಮಾಡ್ಯಾರ. ಇದ್ ಸರಿ ಐತೇನ್ರಿ?"

ಅವನ ಪ್ರಶ್ನೆ ಸರಿಯೇ, ಆದರೆ ಅವನು ಹೋಲಿಸುತ್ತಿದ್ದದ್ದು ಹೋದ ತಿಂಗಳ ಅಂಕಿಯ ಜೊತೆ. ಅದರಿಂದ ಏನೂ ಗೊತ್ತಾಗುವುದಿಲ್ಲ. ಟಿಡಿಎಸ್ ಸಾಲದ ಕಂತಿನ ಹಾಗೆ ತಿಂಗಳು ತಿಂಗಳು ಒಂದೇ ಇರಬೇಕು ಅಂತ ಎಲ್ಲೂ ಇಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 192ನೇ ಸೆಕ್ಷನ್ ಹೇಳುವುದು ಇಷ್ಟು: ಪಗಾರ ಕೊಡುವವರು ಆ ವರ್ಷಕ್ಕೆ ನಿಮ್ಮ ಆದಾಯ ಎಷ್ಟಾಗಬಹುದು ಎಂದು ಅಂದಾಜು ಮಾಡಬೇಕು, ಅದರ ಮೇಲೆ ಬರುವ ತೆರಿಗೆಯ ಸರಾಸರಿ ದರದಲ್ಲಿ ಪ್ರತಿ ಸಲ ಪಗಾರ ಕೊಡುವಾಗ ಹಿಡಿಯಬೇಕು, ಮತ್ತು ಹಿಂದೆ ಹೆಚ್ಚೋ ಕಡಿಮೆಯೋ ಹಿಡಿದಿದ್ದರೆ ಅದೇ ವರ್ಷದ ಮುಂದಿನ ತಿಂಗಳುಗಳಲ್ಲಿ ಸರಿಪಡಿಸಿಕೊಳ್ಳಬಹುದು. ಅಂದಾಜು ಬದಲಾದಾಗ ತಿಂಗಳ ಕಡಿತವೂ ಬದಲಾಗಲೇಬೇಕು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದು ಸೆಕ್ಷನ್, ಫಾರ್ಮ್ ನಂಬರುಗಳು ಬದಲಾದವು, ಲೆಕ್ಕದ ದಾರಿ ಮಾತ್ರ ಅದೇ. ಇಲ್ಲಿನ ಸೆಕ್ಷನ್, ಫಾರ್ಮ್ ನಂಬರು, ಅಂಕಿಗಳೆಲ್ಲ 2025-26ನೇ ಸಾಲಿನವು, ಬೇರೆ ಹೇಳದ ಕಡೆ ಲೆಕ್ಕ ಹೊಸ ತೆರಿಗೆ ಪದ್ಧತಿಯದು.

ತಾಳೆ ನೋಡಲು ಮೂರು ಅಂಕಿ ಸಾಕು. ಇಡೀ ವರ್ಷಕ್ಕೆ ಬರಬಹುದಾದ ತೆರಿಗೆ ಎಷ್ಟು, ಹೋದ ತಿಂಗಳವರೆಗೆ ಎಷ್ಟು ಹಿಡಿದಿದ್ದಾರೆ, ಈ ತಿಂಗಳೂ ಸೇರಿ ಮಾರ್ಚ್‌ವರೆಗೆ ಎಷ್ಟು ತಿಂಗಳು ಉಳಿದಿವೆ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆಯಿರಿ, ಮೂರನೆಯದರಿಂದ ಭಾಗಿಸಿ. ಎಕ್ಸೆಲ್‌ನಲ್ಲಿ ಮಾಡುವವರು B2ರಲ್ಲಿ ವರ್ಷದ ತೆರಿಗೆ, C2ರಲ್ಲಿ ಈವರೆಗಿನ ಕಡಿತ, D2ರಲ್ಲಿ ತಿಂಗಳ ಸಂಖ್ಯೆ ಹಾಕಿಕೊಳ್ಳಿ. ಏಪ್ರಿಲ್ ಅಂದರೆ 1, ಅಕ್ಟೋಬರ್ 7, ಮಾರ್ಚ್ 12.

```
=ROUND((B2-C2)/(13-D2),0)
```

ಇದನ್ನೇ ತಿರುಗಿಸಿ ಹಾಕಿದರೂ ನಡೆಯುತ್ತದೆ. ಈ ತಿಂಗಳು ಹಿಡಿದ ಮೊತ್ತವನ್ನು ಉಳಿದ ತಿಂಗಳುಗಳಿಂದ ಗುಣಿಸಿ, ಈಗಾಗಲೇ ಹಿಡಿದದ್ದನ್ನು ಕೂಡಿಸಿ. ಅದು ವರ್ಷದ ತೆರಿಗೆಗೆ ಬಂದು ನಿಲ್ಲಬೇಕು. ನಿಲ್ಲದಿದ್ದರೆ ಏನೋ ಆಗಿದೆ ಅಂತ ಅರ್ಥ, ಏನಾಗಿದೆ ಎಂಬುದನ್ನು ವ್ಯತ್ಯಾಸದ ಮೊತ್ತವೇ ಎಷ್ಟೋ ಸಲ ಹೇಳಿಬಿಡುತ್ತದೆ.

ಈಗ ಆ ಹುಡುಗನ ಲೆಕ್ಕಕ್ಕೆ ಬರೋಣ. ಏಪ್ರಿಲ್‌ನಲ್ಲಿ ಅವನ ತಿಂಗಳ ಗ್ರಾಸ್ ಪಗಾರ, ಅಂದರೆ ಕಡಿತಗಳಿಗೆ ಮೊದಲಿನದು, 1,25,000. ಗಮನಿಸಿ, ನೇಮಕದ ಪತ್ರದಲ್ಲಿ ಬರೆದ ಸಿಟಿಸಿ ಅಲ್ಲ. ಸಿಟಿಸಿಯಲ್ಲಿ ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿಗೆ ಎತ್ತಿಡುವ ಹಣ ಎಲ್ಲ ಸೇರಿರುತ್ತದೆ. ಅದನ್ನು ಹಿಡಿದು ಲೆಕ್ಕಕ್ಕೆ ಕೂತರೆ ತೆರಿಗೆ ಸುಮ್ನೆ ಜಾಸ್ತಿ ಕಾಣುತ್ತದೆ. ಪೇ ಸ್ಲಿಪ್ಪಿನ ಎಡಗಡೆ ಇರುವ ಗ್ರಾಸ್‌ನಿಂದಲೇ ಶುರು ಮಾಡಬೇಕು.

1,25,000ಕ್ಕೆ ಹನ್ನೆರಡು ತಿಂಗಳು ಅಂದರೆ 15,00,000. ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ತೆಗೆದರೆ ಉಳಿಯುವುದು 14,25,000. ಇದರಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ. 4ರಿಂದ 8 ಲಕ್ಷದವರೆಗಿನದಕ್ಕೆ ಶೇ 5, ಅಂದರೆ 20,000. 8ರಿಂದ 12 ಲಕ್ಷದವರೆಗೆ ಶೇ 10, ಅಂದರೆ 40,000. ಅಲ್ಲಿಂದ ಮೇಲೆ 16 ಲಕ್ಷದವರೆಗೆ ಶೇ 15. ಇವನಿಗೆ 12 ಲಕ್ಷದ ಮೇಲೆ ಇರುವುದು 2,25,000, ಅದಕ್ಕೆ 33,750. ಒಟ್ಟು 93,750. ಇದರ ಮೇಲೆ ಶೇ 4 ಸೆಸ್, 3,750. ವರ್ಷದ ತೆರಿಗೆ 97,500 ಆಯಿತು. ಹನ್ನೆರಡರಿಂದ ಭಾಗಿಸಿದರೆ 8,125.

ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಅವನ ಸ್ಲಿಪ್ಪುಗಳಲ್ಲಿ ಇದ್ದದ್ದೂ 8,125. ಅಲ್ಲಿಯವರೆಗೆ ತಕರಾರು ಇಲ್ಲ. ಆರು ತಿಂಗಳಲ್ಲಿ 48,750 ಹೋಗಿತ್ತು.

ಅಕ್ಟೋಬರ್‌ನಲ್ಲಿ ಎರಡು ಸಂಗತಿ ಒಟ್ಟಿಗೆ ಆದವು. ಪಗಾರ ತಿಂಗಳಿಗೆ 10,000 ಏರಿತು, ಅದೂ ಜುಲೈನಿಂದ ಅನ್ವಯ. ಹಾಗಾಗಿ ಜುಲೈ, ಆಗಸ್ಟ್, ಸೆಪ್ಟೆಂಬರ್ ಮೂರು ತಿಂಗಳ ಅರಿಯರ್ಸ್ 30,000 ಅಕ್ಟೋಬರ್ ಪಗಾರದ ಜೊತೆಗೇ ಬಂತು. ಆ ತಿಂಗಳ ಸ್ಲಿಪ್ಪಿನಲ್ಲಿ ಗ್ರಾಸ್ 1,65,000.

ಅಂದಾಜು ಮತ್ತೆ ಮಾಡೋಣ. ಏರಿಕೆ ಜುಲೈನಿಂದ ಮಾರ್ಚ್‌ವರೆಗೆ ಒಂಬತ್ತು ತಿಂಗಳಿಗೆ, ಅಂದರೆ ವರ್ಷದ ಆದಾಯಕ್ಕೆ ಕೂಡುವುದು 90,000. ಗ್ರಾಸ್ 15,90,000, ಸ್ಟ್ಯಾಂಡರ್ಡ್ ಡಿಡಕ್ಷನ್ ಹೋಗಿ 15,15,000. ಮೊದಲ 12 ಲಕ್ಷಕ್ಕೆ 60,000, ಉಳಿದ 3,15,000ಕ್ಕೆ ಶೇ 15ರಂತೆ 47,250. ಸೇರಿ 1,07,250. ಸೆಸ್ 4,290. ಹೊಸ ವಾರ್ಷಿಕ ತೆರಿಗೆ 1,11,540.

ಹಿಡಿದದ್ದು 48,750. ಬಾಕಿ 62,790. ಅಕ್ಟೋಬರ್ ಸೇರಿ ಉಳಿದದ್ದು ಆರು ತಿಂಗಳು. 62,790 ಭಾಗಿಸು 6, ಅಂದರೆ 10,465.

ಅವನ ಸ್ಲಿಪ್ಪಿನಲ್ಲಿ ಇದ್ದದ್ದು 14,928. ಹೆಚ್ಚು ಕಡಿಮೆ ನಾಲ್ಕೂವರೆ ಸಾವಿರ ಜಾಸ್ತಿ.

ಇಲ್ಲಿ ಅವಸರ ಮಾಡಿ ಅಕೌಂಟ್ಸ್‌ನವರ ಮೇಲೆ ಎಗರಬಾರದು. ಯಾಕೆಂದರೆ ಬಹಳ ಕಂಪನಿಗಳು ಬೋನಸ್, ಅರಿಯರ್ಸ್, ರಜೆ ಮಾರಿದ ಹಣ ಇಂಥ ಒಮ್ಮೆ ಬರುವ ದುಡ್ಡಿನ ತೆರಿಗೆಯನ್ನು ಉಳಿದ ತಿಂಗಳುಗಳಿಗೆ ಹಂಚುವುದಿಲ್ಲ, ದುಡ್ಡು ಕೊಟ್ಟ ತಿಂಗಳಲ್ಲೇ ಪೂರ್ತಿ ಹಿಡಿದುಬಿಡುತ್ತವೆ. ನಾಳೆ ಅವನು ಕೆಲಸ ಬಿಟ್ಟು ಹೋದರೆ ಬಾಕಿ ವಸೂಲಿ ಮಾಡುವುದು ಯಾರು ಅಂತ ಅವರ ಯೋಚನೆ. ನನಗೇನೂ ಅದು ತಪ್ಪು ಅನ್ನಿಸುವುದಿಲ್ಲ. ನೌಕರನಿಗೂ ಕೈಯಲ್ಲಿ ದುಡ್ಡು ಇರುವ ತಿಂಗಳಲ್ಲೇ ತೆರಿಗೆ ಹೋಗುತ್ತದೆ, ಮುಂದಿನ ತಿಂಗಳುಗಳು ಹಗುರ. ಅದಕ್ಕೇ ಮೊದಲು ಆ ಲೆಕ್ಕ ಹಾಕಿ ನೋಡಿದೆವು.

30,000 ಅರಿಯರ್ಸ್ ಮೇಲೆ ಅವನ ಮೇಲಿನ ಸ್ಲ್ಯಾಬ್ ಶೇ 15, ಅದು 4,500. ಸೆಸ್ ಸೇರಿ 4,680. ವರ್ಷದ 1,11,540ರಲ್ಲಿ ಇದನ್ನು ಪಕ್ಕಕ್ಕಿಟ್ಟರೆ 1,06,860. ಹಿಡಿದ 48,750 ಕಳೆದರೆ 58,110, ಆರರಿಂದ ಭಾಗಿಸಿದರೆ 9,685. ಅಕ್ಟೋಬರ್‌ನಲ್ಲಿ ಇದಕ್ಕೆ 4,680 ಕೂಡಿಸಿದರೆ 14,365. ನವೆಂಬರ್‌ನಿಂದ ಬರೀ 9,685.

14,365 ಮತ್ತು 14,928 ದೂರದಿಂದ ನೋಡಿದರೆ ಒಂದೇ ತರಹ ಕಾಣುತ್ತವೆ. "ಅರಿಯರ್ಸ್ ಬಂದದ್ರಿ, ಅದಕ್ಕ ಜಾಸ್ತಿ ಆಗೇದ" ಅಂತ ಅಕೌಂಟ್ಸ್‌ನವರು ಅಂದರೆ ನಂಬಿಬಿಡಬಹುದು. ಅವನಿಗೂ ಅಷ್ಟೇ ಹೇಳಿದ್ದರು. ಆದರೆ 563 ರೂಪಾಯಿ ಕೂಡಿಬರುತ್ತಿಲ್ಲ. ಅಷ್ಟು ವ್ಯತ್ಯಾಸ ರೌಂಡಿಂಗ್‌ನಿಂದ ಬರುವುದಿಲ್ಲ. ರೌಂಡಿಂಗ್ ಅಂದರೆ ರೂಪಾಯಿ, ಎರಡು ರೂಪಾಯಿ, ಅಷ್ಟೇ.

ಹಾಗಾಗಿ ಟ್ಯಾಕ್ಸ್ ಶೀಟ್ ತರಿಸು ಅಂದೆ. ಪಗಾರದ ಸಾಫ್ಟ್‌ವೇರ್ ಇರುವ ಕಂಪನಿಗಳಲ್ಲಿ ಪೇ ಸ್ಲಿಪ್ ಜೊತೆಗೆ ಇದೂ ಒಂದು ಇರುತ್ತದೆ. ವರ್ಷದ ಆದಾಯದ ಅಂದಾಜು, ಡಿಡಕ್ಷನ್, ತೆರಿಗೆ, ಈವರೆಗಿನ ಕಡಿತ, ಉಳಿದ ತಿಂಗಳು, ಈ ತಿಂಗಳ ಕಡಿತ, ಎಲ್ಲ ಒಂದರ ಕೆಳಗೆ ಒಂದು. ಕೆಲವು ಕಡೆ ಪೇ ಸ್ಲಿಪ್ಪಿನ ಎರಡನೇ ಪುಟದಲ್ಲೇ ಅದು ಇರುತ್ತದೆ, ಆ ಪುಟ ತೆರೆಯುವವರು ಕಡಿಮೆ. ಅವನದೂ ಅಲ್ಲೇ ಇತ್ತು. ತೆರೆದು ನೋಡಿದರೆ ಮೊದಲ ಸಾಲಿನಲ್ಲೇ ಉತ್ತರ ಸಿಕ್ಕಿತು: ವರ್ಷದ ಅಂದಾಜು ಗ್ರಾಸ್ 17,40,000.

ಎಲ್ಲಿಂದ ಬಂತು ಈ 17,40,000? ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕೊಟ್ಟದ್ದು 7,50,000. ಅದಕ್ಕೆ 9,90,000 ಕೂಡಿಸಿದ್ದಾರೆ. 9,90,000 ಅಂದರೆ 1,65,000 ಗುಣಿಸು 6. ಅಕ್ಟೋಬರ್‌ನ ಗ್ರಾಸ್ ಎಷ್ಟಿದೆಯೋ ಅಷ್ಟನ್ನೇ ಮಾರ್ಚ್‌ವರೆಗೂ ಎಳೆದಿದ್ದಾರೆ. ಅರಿಯರ್ಸ್‌ನ 30,000 ಪ್ರತಿ ತಿಂಗಳೂ ಬರುತ್ತದೆ ಅಂತ ಸಾಫ್ಟ್‌ವೇರ್ ತಿಳಿದುಕೊಂಡಿದೆ. ಅದರ ತಪ್ಪೇನಿಲ್ಲ ಬಿಡಿ, ಅರಿಯರ್ಸ್ ಎಂಬ ಪಗಾರದ ಬಾಬನ್ನು ಸೇರಿಸುವಾಗ ಅದು ಒಂದೇ ಸಲದ್ದು ಅಂತ ಗುರುತು ಹಾಕಬೇಕಿತ್ತು, ಯಾರೋ ಹಾಕಿಲ್ಲ.

ಇದರ ಪರಿಣಾಮ ಬರೀ ಗುಣಾಕಾರದ್ದಲ್ಲ. 17,40,000ರಲ್ಲಿ 75,000 ಹೋದರೆ 16,65,000. ಅಂದರೆ ಅವನು 16 ಲಕ್ಷದ ಗೆರೆ ದಾಟಿ ಶೇ 20ರ ಸ್ಲ್ಯಾಬಿಗೆ ಕಾಲಿಟ್ಟ, ನಿಜವಾಗಿ ಅವನು ಅಲ್ಲಿಲ್ಲ. ತೆರಿಗೆ 1,33,000, ಸೆಸ್ ಸೇರಿ 1,38,320. 48,750 ಕಳೆದು ಆರರಿಂದ ಭಾಗಿಸಿದರೆ 14,928. ರೂಪಾಯಿಗೆ ರೂಪಾಯಿ ಕೂಡಿಬಂತು.

ನೋಡಿ, ಇಲ್ಲಿ ಭಾಗಾಕಾರ ಸರಿಯಾಗಿಯೇ ಇದೆ. ಶೀಟಿನಲ್ಲಿ ಇರುವ ತೆರಿಗೆ, ಇರುವ ಕಡಿತ, ಇರುವ ತಿಂಗಳು ಹಾಕಿ ತಾಳೆ ನೋಡಿದರೆ ತಾಳೆಯಾಗುತ್ತದೆ. ಕೆಟ್ಟಿದ್ದು ಮೇಲಿನ ಸಾಲು. ಅದಕ್ಕೇ ಶೀಟಿನ ಕೊನೆಯ ಮೂರು ಅಂಕಿ ಮಾತ್ರ ನೋಡಿ ಎದ್ದು ಬರಬಾರದು. ಅಂದಾಜು ಗ್ರಾಸ್ ಎಂಬ ಸಾಲಿಗೆ ಬೆರಳಿಟ್ಟು, ಈವರೆಗೆ ಬಂದದ್ದು ಎಷ್ಟು, ಮುಂದೆ ನಿಜವಾಗಿ ಬರುವುದು ಎಷ್ಟು ಅಂತ ನೀವೇ ಕೂಡಿಸಿ ನೋಡಬೇಕು.

ಈ ತಪ್ಪು ಮುಂದಿನ ತಿಂಗಳು ತಾನಾಗಿಯೇ ಸರಿಹೋಗುತ್ತದೆ, ಅದೊಂದು ಸಮಾಧಾನ. ನವೆಂಬರ್‌ನಲ್ಲಿ ಗ್ರಾಸ್ 1,35,000ಕ್ಕೆ ಇಳಿಯುತ್ತದೆ, ಸಾಫ್ಟ್‌ವೇರ್ ಅದನ್ನು ಮಾರ್ಚ್‌ವರೆಗೆ ಎಳೆಯುತ್ತದೆ, ವರ್ಷದ ಗ್ರಾಸ್ ಮತ್ತೆ 15,90,000, ತೆರಿಗೆ 1,11,540. ಅಲ್ಲಿಯವರೆಗೆ ಹಿಡಿದದ್ದು 63,678. ಬಾಕಿ 47,862, ಐದು ತಿಂಗಳು. ತಿಂಗಳಿಗೆ 9,572. ಹೀಗಾಗಿ ವರ್ಷದ ಕೊನೆಗೆ ಅವನು ಕಳೆದುಕೊಳ್ಳುವುದು ಏನೂ ಇಲ್ಲ. ಹಬ್ಬದ ತಿಂಗಳಲ್ಲಿ ನಾಲ್ಕೂವರೆ ಸಾವಿರ ಕೈಗೆ ಬರದೆ ಮುಂದಕ್ಕೆ ಹೋಯಿತು, ಅಷ್ಟೇ. ಇದೇ ಅರಿಯರ್ಸ್ ಮಾರ್ಚ್‌ನಲ್ಲಿ ಬಂದಿದ್ದರೆ ಈ ತಪ್ಪು ಆಗುವುದೇ ಇಲ್ಲ, ಎಳೆಯಲು ಮುಂದೆ ತಿಂಗಳೇ ಇರುವುದಿಲ್ಲವಲ್ಲ. ಮೇ, ಜೂನ್‌ನಲ್ಲಿ ಬಂದಿದ್ದರೆ ಅಂದಾಜು ಇನ್ನೂ ಹೆಚ್ಚು ಊದಿಕೊಳ್ಳುತ್ತಿತ್ತು.

ಈಗ ಇದರ ಉಲ್ಟಾ ತಪ್ಪು. ಇದು ಜೋರಾಗಿ ಕಾಣುವುದಿಲ್ಲ, ಹಾಗಾಗಿ ಇದರ ಬಗ್ಗೆ ಯಾರೂ ಫೋನ್ ಮಾಡುವುದಿಲ್ಲ. ಸಣ್ಣ ಕಾರ್ಖಾನೆಗಳು, ಬಾಗಲಕೋಟೆ ಕಡೆ ಸಣ್ಣ ಶಾಲೆ, ಆಸ್ಪತ್ರೆಗಳು ಇನ್ನೂ ಎಕ್ಸೆಲ್‌ನಲ್ಲೇ ಪಗಾರ ಮಾಡುತ್ತವೆ. ಹೊಸ ವಾರ್ಷಿಕ ತೆರಿಗೆ ಸರಿಯಾಗಿಯೇ ಹಾಕುತ್ತಾರೆ, ಆಮೇಲೆ ಅಭ್ಯಾಸಬಲದಿಂದ ಹನ್ನೆರಡರಿಂದ ಭಾಗಿಸುತ್ತಾರೆ. ನಮ್ಮ ಹುಡುಗನ ಲೆಕ್ಕಕ್ಕೆ ಅದು 1,11,540 ಭಾಗಿಸು 12, ಅಂದರೆ 9,295. ನೋಡಲು ಚೆನ್ನಾಗಿದೆ. ಪಗಾರ ಸ್ವಲ್ಪ ಏರಿತು, ತೆರಿಗೆಯೂ ಸ್ವಲ್ಪ ಏರಿತು, ಯಾರಿಗೂ ಅನುಮಾನ ಬರುವುದಿಲ್ಲ.

ತಿರುಗಿಸಿ ತಾಳೆ ಹಾಕಿ. 9,295ಕ್ಕೆ ಆರು ತಿಂಗಳು 55,770, ಹಿಂದಿನ 48,750 ಸೇರಿ 1,04,520. ಬೇಕಾಗಿದ್ದು 1,11,540. ಕೊರತೆ 7,020. ಈ 7,020 ಎಲ್ಲಿಂದ ಬಂತು ಅಂದರೆ, ಮೊದಲ ಆರು ತಿಂಗಳು 9,295 ಹಿಡಿದಿರಬೇಕಿತ್ತು, ಹಿಡಿದದ್ದು 8,125, ತಿಂಗಳಿಗೆ 1,170 ಕಡಿಮೆ. ಆ ಆರು ತಿಂಗಳ ಬಾಕಿಯನ್ನು ಯಾರೂ ವಸೂಲಿ ಮಾಡಿಲ್ಲ. ಮಾರ್ಚ್‌ನಲ್ಲಿ ಯಾರಾದರೂ ಒಟ್ಟು ಕೂಡಿಸಿ ನೋಡಿದರೆ ಆ ಒಂದೇ ತಿಂಗಳಲ್ಲಿ 7,020 ಹೆಚ್ಚಾಗಿ ಹೋಗುತ್ತದೆ. ನೋಡದಿದ್ದರೆ ರಿಟರ್ನ್ ತುಂಬುವಾಗ ನೀವು ಕಟ್ಟಬೇಕು, ಅತ್ತ ಕಂಪನಿಗೂ ಕಡಿಮೆ ಹಿಡಿದದ್ದಕ್ಕೆ ಬಡ್ಡಿಯ ತಲೆನೋವು.

ಇದೇ ಜಾತಿಯ ಇನ್ನೊಂದು ತಪ್ಪು, ಉಳಿದ ತಿಂಗಳು ಎಣಿಸುವಾಗ ಈಗಿನ ತಿಂಗಳನ್ನು ಬಿಡುವುದು. ಅಕ್ಟೋಬರ್ ಪಗಾರ ಮಾಡುವಾಗ ಆರು ಅನ್ನುವ ಬದಲು ಐದು ಅಂದರೆ 62,790 ಭಾಗಿಸು 5, ಅಂದರೆ 12,558. ಇದು ಮಾರ್ಚ್‌ಗೆ ಬಂದಾಗ ಬಯಲಾಗುತ್ತದೆ, ಸೊನ್ನೆಯಿಂದ ಭಾಗಿಸಲು ಆಗುವುದಿಲ್ಲವಲ್ಲ, ಎಕ್ಸೆಲ್ ಬೈಯುತ್ತದೆ.

ಇಷ್ಟು ಹೊತ್ತು ಹೇಳಿದ್ದು ಲೆಕ್ಕದೊಳಗಿನ ತಪ್ಪು. ಲೆಕ್ಕ ಪೂರ್ತಿ ಸರಿಯಿದ್ದು, ಕಂಪನಿಗೆ ಗೊತ್ತಿರುವ ಸಂಗತಿಯೇ ಅರ್ಧ ಇದ್ದರೆ ಏನಾಗುತ್ತದೆ ಅನ್ನುವುದು ನನ್ನ ಪ್ರಕಾರ ಇದಕ್ಕಿಂತ ಅಪಾಯದ್ದು. ವರ್ಷದ ನಡುವೆ ಕೆಲಸ ಬದಲಿಸಿದವರ ವಿಷಯ ಹೇಳುತ್ತಿದ್ದೇನೆ. ಒಬ್ಬರು ಹುಬ್ಬಳ್ಳಿಯಲ್ಲಿ ಸೆಪ್ಟೆಂಬರ್‌ವರೆಗೆ ತಿಂಗಳಿಗೆ 1,25,000ಕ್ಕೆ ದುಡಿದರು, ಅಕ್ಟೋಬರ್‌ನಿಂದ ಅದೇ ಪಗಾರಕ್ಕೆ ಬೆಳಗಾವಿಗೆ ಬಂದರು ಅಂದುಕೊಳ್ಳಿ. ಹಳೆ ಕಂಪನಿ ಇಡೀ ವರ್ಷದ ಅಂದಾಜಿನ ಮೇಲೆ ತಿಂಗಳಿಗೆ 8,125 ಹಿಡಿದಿದೆ. ಹೊಸ ಕಂಪನಿಗೆ ಹಳೆಯದರ ಬಗ್ಗೆ ಏನೂ ಹೇಳದಿದ್ದರೆ ಅವರ ಕಣ್ಣಿಗೆ ಈ ವರ್ಷದ ಆದಾಯ ಬರೀ ಆರು ತಿಂಗಳದ್ದು, 7,50,000. ಸ್ಟ್ಯಾಂಡರ್ಡ್ ಡಿಡಕ್ಷನ್ ಇನ್ನೊಮ್ಮೆ ತೆಗೆದು 6,75,000. ತೆರಿಗೆಯ ಆದಾಯ 12 ಲಕ್ಷದೊಳಗೆ ಇದ್ದರೆ 87ಎ ರಿಬೇಟ್‌ನಿಂದ ತೆರಿಗೆ ಸೊನ್ನೆ. ಹಾಗಾಗಿ ತಿಂಗಳ ಟಿಡಿಎಸ್ ಸೊನ್ನೆ.

ಈಗ ನಮ್ಮ ಮೂರು ಅಂಕಿಯ ತಾಳೆ ಹಾಕಿ ನೋಡಿ. ಸೊನ್ನೆಯಲ್ಲಿ ಸೊನ್ನೆ ಕಳೆದು ಆರರಿಂದ ಭಾಗಿಸಿದರೆ ಸೊನ್ನೆ. ಚೊಕ್ಕ ತಾಳೆ. ಆದರೆ ನಿಜವಾದ ತೆರಿಗೆ 97,500, ಹೋಗಿದ್ದು 48,750 ಮಾತ್ರ. ಜುಲೈನಲ್ಲಿ ರಿಟರ್ನ್ ತುಂಬಲು ಕೂತಾಗ ಅಷ್ಟೇ ಮೊತ್ತ, 48,750, ಬಾಕಿ ಅಂತ ತೋರಿಸುತ್ತದೆ. ಟಿಡಿಎಸ್ ಕಳೆದ ಮೇಲೂ 10,000 ಅಥವಾ ಅದಕ್ಕಿಂತ ಹೆಚ್ಚು ತೆರಿಗೆ ಉಳಿದರೆ ಅಡ್ವಾನ್ಸ್ ಟ್ಯಾಕ್ಸ್ ಕಟ್ಟಬೇಕಿತ್ತು ಅನ್ನುವ ನಿಯಮ ಇದೆ, ಹಾಗಾಗಿ ತಿಂಗಳಿಗೆ ಶೇ 1ರ ಬಡ್ಡಿಯೂ ಬೀಳುತ್ತದೆ. ಇದಕ್ಕೆ ಮದ್ದು ಫಾರ್ಮ್ 12ಬಿ. ಹಳೆ ಕಂಪನಿ ಕೊಟ್ಟ ಪಗಾರ, ಹಿಡಿದ ಟಿಡಿಎಸ್ ಎರಡನ್ನೂ ಅದರಲ್ಲಿ ಬರೆದು ಹೊಸಬರಿಗೆ ಕೊಟ್ಟರೆ ಅವರು ಎರಡನ್ನೂ ಕೂಡಿಸಿ ಅಂದಾಜು ಮಾಡುತ್ತಾರೆ, ಆರು ತಿಂಗಳಿಗೆ ಹಂಚಿದರೆ ಮತ್ತೆ 8,125. ಪಗಾರ ಕೈಗೆ ಜಾಸ್ತಿ ಬಂತು ಅಂತ ಖುಷಿಪಡುವ ಮೊದಲು ಈ ಫಾರ್ಮ್ ಕೊಟ್ಟಿದ್ದೀನಾ ಅಂತ ಕೇಳಿಕೊಳ್ಳಬೇಕು.

12 ಲಕ್ಷದ ಗೆರೆಯ ಅಕ್ಕಪಕ್ಕ ಇರುವವರು ಇನ್ನೊಂದು ಸಾಲನ್ನೂ ನೋಡಬೇಕು. ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿಸಿದರೆ ಗ್ರಾಸ್ 12,75,000ರವರೆಗೆ ತೆರಿಗೆ ಇಲ್ಲ. ಒಬ್ಬರ ಗ್ರಾಸ್ 12,70,000 ಇದೆ, ಹತ್ತು ತಿಂಗಳು ಟಿಡಿಎಸ್ ಸೊನ್ನೆ, ಫೆಬ್ರುವರಿಯಲ್ಲಿ 10,000 ಬೋನಸ್ ಬಂತು. ಗ್ರಾಸ್ 12,80,000, ತೆರಿಗೆಯ ಆದಾಯ 12,05,000. ರಿಬೇಟ್ ಹೋಯಿತು. ಸ್ಲ್ಯಾಬ್ ಪ್ರಕಾರ ತೆರಿಗೆ 60,750, ಸೆಸ್ ಸೇರಿ 63,180. ಎರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ 31,590! ಹತ್ತು ಸಾವಿರ ಬೋನಸ್ ಕೊಟ್ಟು ಅರವತ್ತಮೂರು ಸಾವಿರ ಕಿತ್ತುಕೊಂಡರೆ ಯಾರು ತಾಳುತ್ತಾರೆ? ಕಾಯ್ದೆಯೂ ತಾಳುವುದಿಲ್ಲ, ಮಾರ್ಜಿನಲ್ ರಿಲೀಫ್ ಅಂತ ಇಟ್ಟಿದೆ. 12 ಲಕ್ಷದ ಮೇಲೆ ಆದಾಯ ಎಷ್ಟು ಹೆಚ್ಚಿದೆಯೋ ತೆರಿಗೆ ಅದಕ್ಕಿಂತ ಹೆಚ್ಚಾಗಬಾರದು. ಇಲ್ಲಿ ಹೆಚ್ಚಿರುವುದು 5,000, ಹಾಗಾಗಿ ತೆರಿಗೆ 5,000, ಸೆಸ್ 200, ಒಟ್ಟು 5,200. ಫೆಬ್ರುವರಿ, ಮಾರ್ಚ್‌ಗೆ ತಲಾ 2,600. ದೊಡ್ಡ ಸಾಫ್ಟ್‌ವೇರ್‌ಗಳು ಇದನ್ನು ತಾವೇ ಮಾಡುತ್ತವೆ. ಕೈಯಲ್ಲಿ ಬರೆದ ಎಕ್ಸೆಲ್ ಸೂತ್ರದಲ್ಲಿ ಇದು ಬಿಟ್ಟುಹೋಗುವುದು ಸಹಜ.

ಹಳೇ ತೆರಿಗೆ ಪದ್ಧತಿಯಲ್ಲೇ ಇರುವವರಿಗೆ ಜಿಗಿತ ಬರುವುದು ಜನವರಿಯಲ್ಲಿ. ವರ್ಷದ ಆರಂಭದಲ್ಲಿ 80ಸಿ ಕೆಳಗೆ 1,50,000 ಹೂಡುತ್ತೇನೆ ಅಂತ ಬರೆದುಕೊಟ್ಟಿರುತ್ತೀರಿ, ಅದನ್ನು ನಂಬಿ ಕಂಪನಿ ಕಡಿಮೆ ಹಿಡಿದಿರುತ್ತದೆ, ದಾಖಲೆ ಕೇಳಿದಾಗ 60,000ದ್ದು ಮಾತ್ರ ಕೊಡುತ್ತೀರಿ. ಕೊರತೆ ಬಿದ್ದ 90,000ಕ್ಕೆ ಶೇ 30ರ ಸ್ಲ್ಯಾಬಿನವರಿಗೆ ಸೆಸ್ ಸೇರಿ 28,080 ತೆರಿಗೆ, ಉಳಿದದ್ದು ಮೂರೇ ತಿಂಗಳು. ತಿಂಗಳಿಗೆ 9,360 ಹೆಚ್ಚು. ಇದು ಕಂಪನಿಯ ತಪ್ಪಲ್ಲ, ಬೈದು ಪ್ರಯೋಜನ ಇಲ್ಲ. ದಾಖಲೆ ಆಮೇಲೆ ಸಿಕ್ಕರೆ ರಿಟರ್ನ್‌ನಲ್ಲಿ ಕೇಳಿಕೊಳ್ಳಬಹುದು, ಹೂಡಿಕೆ ಮಾರ್ಚ್ 31ರೊಳಗೆ ಆಗಿರಬೇಕು ಅಷ್ಟೇ.

ಸಣ್ಣ ವ್ಯತ್ಯಾಸಗಳ ಬಗ್ಗೆಯೂ ಒಂದು ಮಾತು. ನೀವು ಹಾಕಿದ ಲೆಕ್ಕಕ್ಕೂ ಸ್ಲಿಪ್ಪಿಗೂ ತಿಂಗಳಿಗೆ 32 ರೂಪಾಯಿ ಐವತ್ತು ಪೈಸೆಯಷ್ಟು ಫರಕು ಬಂದರೆ ಪ್ರೊಫೆಷನಲ್ ಟ್ಯಾಕ್ಸ್ ಕಡೆ ನೋಡಿ. ಕರ್ನಾಟಕದಲ್ಲಿ ಅದು ವರ್ಷಕ್ಕೆ 2,500. ಹಳೇ ಪದ್ಧತಿಯಲ್ಲಿ ಆದಾಯದಿಂದ ಅದನ್ನು ಕಳೆಯಬಹುದು, ಹೊಸದರಲ್ಲಿ ಕಳೆಯುವಂತಿಲ್ಲ. ಹೊಸ ಪದ್ಧತಿಯಲ್ಲಿ ಶೇ 15ರ ಸ್ಲ್ಯಾಬಿನವರು ಅದನ್ನು ಕಳೆದುಬಿಟ್ಟರೆ ವರ್ಷದ ತೆರಿಗೆ 390 ಕಡಿಮೆಯಾಗುತ್ತದೆ, ತಿಂಗಳಿಗೆ 32.50. ಬಹಳ ಸಲ ಕಳೆದಿರುವುದು ಕಂಪನಿಯಲ್ಲ, ನಾವೇ.

ಇನ್ನು ತಪ್ಪು ಸಿಕ್ಕ ಮೇಲೆ ಕೇಳುವುದು ಹೇಗೆ. "ಟಿಡಿಎಸ್ ಜಾಸ್ತಿ ಆಗಿದೆ" ಅಂದರೆ "ಸಿಸ್ಟಮ್ ಮಾಡ್ತದರಿ, ನಾವೇನ್ ಮಾಡೋದು" ಅನ್ನುವ ಉತ್ತರ ಸಿಗುತ್ತದೆ. ನಾನೂ ಆ ಕಡೆ ಕೂತವಳೇ, ದಿನಕ್ಕೆ ಇಪ್ಪತ್ತು ಜನ ಬರೀ ಅಷ್ಟೇ ಅಂದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಅದರ ಬದಲು ಸಾಲು ತೋರಿಸಿ. ಆ ಹುಡುಗ ಬರೆದ ಮೇಲ್ ಮೂರೇ ಸಾಲಿನದು: ಟ್ಯಾಕ್ಸ್ ಶೀಟಿನಲ್ಲಿ ಅಂದಾಜು ಗ್ರಾಸ್ 17,40,000 ಇದೆ, ನನ್ನ ಲೆಕ್ಕಕ್ಕೆ 15,90,000 ಬರುತ್ತದೆ, ಅರಿಯರ್ಸ್ 30,000 ಆರು ಸಲ ಸೇರಿದಂತಿದೆ, ದಯವಿಟ್ಟು ನೋಡಿ. ಮಧ್ಯಾಹ್ನದೊಳಗೆ ಉತ್ತರ ಬಂತು, "ಹೌದು, ನವೆಂಬರ್‌ನಲ್ಲಿ ಸರಿಮಾಡುತ್ತೇವೆ" ಅಂತ. ಅಕ್ಟೋಬರ್ ಪಗಾರ ಆಗಲೇ ಬ್ಯಾಂಕಿಗೆ ಹೋಗಿತ್ತು, ಆ ತಿಂಗಳ ಟಿಡಿಎಸ್ಸನ್ನು ನವೆಂಬರ್ 7ರೊಳಗೆ ಸರ್ಕಾರಕ್ಕೆ ಕಟ್ಟಬೇಕು. ಅಂಥ ಹೊತ್ತಿನಲ್ಲಿ ವಾಪಸ್ ಕೊಡಿ ಅಂತ ಹಟ ಹಿಡಿಯುವುದಕ್ಕಿಂತ ಮುಂದಿನ ತಿಂಗಳು ಹೊಂದಿಸಿಕೊಳ್ಳುವುದೇ ಸುಲಭ. ಹೆಚ್ಚು ಹಿಡಿದದ್ದು ತೀರಾ ದೊಡ್ಡದಿದ್ದರೆ ಮುಂದಿನ ಒಂದೆರಡು ತಿಂಗಳು ಕಡಿತ ಸೊನ್ನೆ ಮಾಡಬಹುದು. ಮಾರ್ಚ್‌ವರೆಗೂ ತೀರದಿದ್ದರೆ ಉಳಿದದ್ದು ರಿಟರ್ನ್ ತುಂಬಿದ ಮೇಲೆ ರಿಫಂಡ್ ಆಗಿ ಬರುತ್ತದೆ.

ಕೊನೆಗೆ, ಸ್ಲಿಪ್ಪಿನಲ್ಲಿ ಹಿಡಿದದ್ದು ಸರ್ಕಾರಕ್ಕೆ ಮುಟ್ಟಿದೆಯಾ ಅನ್ನುವುದು ಬೇರೆಯೇ ತಾಳೆ. ಅದಕ್ಕೆ ಫಾರ್ಮ್ 26ಎಎಸ್ ನೋಡಬೇಕು, ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಲಾಗಿನ್ ಆಗಿ ತೆರೆಯಬಹುದು. ಆದರೆ ಅಕ್ಟೋಬರ್ ಕಡಿತವನ್ನು ನವೆಂಬರ್‌ನಲ್ಲಿ ಅಲ್ಲಿ ಹುಡುಕಿದರೆ ಸಿಗುವುದಿಲ್ಲ, ಗಾಬರಿ ಬೇಡ. ಯಾರಿಂದ ಎಷ್ಟು ಟಿಡಿಎಸ್ ಹಿಡಿದೆವು ಅನ್ನುವ ಫಾರ್ಮ್ 24ಕ್ಯೂವನ್ನು ಕಂಪನಿ ಮೂರು ತಿಂಗಳಿಗೊಮ್ಮೆ ಸಲ್ಲಿಸಿದ ಮೇಲೆ ನಿಮ್ಮ ಪ್ಯಾನ್‌ಗೆ ಆ ಮೊತ್ತ ಬರುತ್ತದೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನದಕ್ಕೆ ಗಡುವು ಜನವರಿ 31. ಹಾಗಾಗಿ ಫೆಬ್ರುವರಿ ಎರಡನೇ ವಾರ ಒಮ್ಮೆ ತೆರೆದು ಒಂಬತ್ತು ತಿಂಗಳ ಸ್ಲಿಪ್ಪುಗಳ ಟಿಡಿಎಸ್ ಕೂಡಿಸಿ ತಾಳೆ ನೋಡಿ. ನಮ್ಮ ಹುಡುಗನಿಗೆ ಆಗ ಬರಬೇಕಾದದ್ದು 48,750, ಅದಕ್ಕೆ ಅಕ್ಟೋಬರ್‌ನ 14,928, ನವೆಂಬರ್ ಮತ್ತು ಡಿಸೆಂಬರ್‌ನ ತಲಾ 9,572, ಒಟ್ಟು 82,822. ಅಷ್ಟು ಇಲ್ಲದೆ ಬರೀ 48,750ಕ್ಕೇ ನಿಂತಿದ್ದರೆ ಮೂರನೇ ತ್ರೈಮಾಸಿಕದ 24ಕ್ಯೂ ಸಲ್ಲಿಕೆ ಆಗಿಲ್ಲ ಅಥವಾ ಪ್ಯಾನ್ ತಪ್ಪಾಗಿ ಬಿದ್ದಿದೆ. ಕೆಲವು ತಿಂಗಳದು ಇದ್ದು ಒಂದು ತಿಂಗಳದು ಮಾತ್ರ ಕಾಣೆಯಾಗಿದ್ದರೆ ಆ ತಿಂಗಳ ಚಲನ್ ಕೇಳಿ.